ಎಸ್‌ಒಡಬ್ಲ್ಯು ಓದಿ ಮೈಲ್‌ಸ್ಟೋನ್ ಶೀಟ್ ಮಾಡುವುದು ಹೇಗೆ?

ಏನು ಕೆಲಸ ಮಾಡಿಕೊಡಬೇಕು, ಯಾವಾಗ ಎಷ್ಟು ಹಣ ಎಂದು ಬರೆದ ಒಪ್ಪಂದವೇ ಎಸ್‌ಒಡಬ್ಲ್ಯು, ಅಂದರೆ ಸ್ಟೇಟ್‌ಮೆಂಟ್ ಆಫ್ ವರ್ಕ್. ಅದು ಕೈಗೆ ಬಂದ ಕೂಡಲೇ ಎಷ್ಟೋ ಜನ ಅದರಲ್ಲಿನ ಪೇಮೆಂಟ್ ಟೇಬಲ್ ಒಂದನ್ನೇ ಕಾಪಿ ಮಾಡಿ ಶೀಟ್‌ಗೆ ಹಾಕುತ್ತಾರೆ. ಆಮೇಲೆ ಇನ್‌ವಾಯ್ಸ್ ವಾಪಸ್ ಬರುತ್ತದೆ: ‘ನಾವಿನ್ನೂ ಒಪ್ಪಿಲ್ಲ’ ಅಂತ. ಇದನ್ನು ಪದೇ ಪದೇ ನೋಡಿ ಬೇಜಾರಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ಅನುಬಂಧಗಳನ್ನೂ ಸೇರಿಸಿ ಪೂರ್ತಿ ಓದಿ. ಏನು ಕೊಡಬೇಕು, ಯಾವಾಗ ಒಪ್ಪುತ್ತಾರೆ, ಯಾವಾಗ ಹಣ ಎನ್ನುವ ಮೂರಕ್ಕೂ ಬೇರೆ ಬೇರೆ ಬಣ್ಣದ ಗೆರೆ ಎಳೆಯಿರಿ.

2. ಒಂದು ಡೆಲಿವರಬಲ್‌ಗೆ ಒಂದೇ ಸಾಲು. ‘ಡೇಟಾ ವರ್ಗಾವಣೆ ಮತ್ತು ತರಬೇತಿ’ ಎಂದಿದ್ದರೆ ಎರಡು ಸಾಲು ಮಾಡಿ. ಪಕ್ಕದಲ್ಲಿ ಕಲಮಿನ ಸಂಖ್ಯೆ, ಮೂಲ ವಾಕ್ಯ ಎರಡೂ ಇರಲಿ. ನಿಮ್ಮ ಮಾತಲ್ಲಿ ಚಿಕ್ಕದು ಮಾಡಲೇಬೇಡಿ. ಜಗಳ ಬಂದಾಗ ಬೇಕಾಗುವುದು ಮೂಲ ವಾಕ್ಯವೇ.

3. ಎಡವುವುದು ಇಲ್ಲಿ. ಹಣ ಬರುವುದು ಒಂದು ಘಟನೆ ನಡೆದ ಮೇಲೆ, ತಾರೀಕು ಬಂತೆಂದಲ್ಲ. ಆ ಘಟನೆಯ ವಿವರ ಒಂದೇ ಕಡೆ ಸಿಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ಪೇಮೆಂಟ್ ಭಾಗದಲ್ಲಿ ‘ಡೇಟಾ ವರ್ಗಾವಣೆ ಒಪ್ಪಿಗೆಯಾದ ಮೇಲೆ ಶೇ 30’ ಎಂದಿದೆ. ಒಪ್ಪಿಗೆ ಎಂದರೇನು ಎಂಬುದು ಅನುಬಂಧದಲ್ಲಿದೆ: 1,000 ದಾಖಲೆ ತೆಗೆದು ನೋಡಿದರೆ 5ಕ್ಕಿಂತ ಜಾಸ್ತಿ ತಪ್ಪು ಇರಬಾರದು. ಇನ್ನೊಂದು ಕಲಮಿನಲ್ಲಿ, ಗ್ರಾಹಕರು 10 ಕೆಲಸದ ದಿನಗಳಲ್ಲಿ ಲಿಖಿತ ಆಕ್ಷೇಪ ಹೇಳದಿದ್ದರೆ ಒಪ್ಪಿದಂತೆಯೇ ಎಂದಿದೆ. ಹಣ ಕೊಡಲು ಇನ್‌ವಾಯ್ಸ್ ತಾರೀಕಿನಿಂದ 30 ದಿನ. ಈ ನಾಲ್ಕೂ ಮಾತು ಒಂದೇ ಸಾಲಿಗೆ ಬರಬೇಕು.

ಈಗ ಲೆಕ್ಕ ಹಾಕಿ. 3ನೇ ತಾರೀಕು ಸೋಮವಾರ ಕೊಟ್ಟಿರಿ ಎನ್ನಿ. ನಡುವೆ ರಜೆ ಇಲ್ಲದಿದ್ದರೆ 10ನೇ ಕೆಲಸದ ದಿನ 17ಕ್ಕೆ ಬೀಳುತ್ತದೆ. 18ಕ್ಕೆ ಇನ್‌ವಾಯ್ಸ್ ಹೋದರೆ ಹಣದ ಗಡುವು ಮುಂದಿನ ತಿಂಗಳ 17 ಅಥವಾ 18; ಕೊಟ್ಟಿದ್ದು ಫೆಬ್ರವರಿಯಲ್ಲಾದರೆ 19 ಅಥವಾ 20. ಕೊಟ್ಟ ದಿನದಿಂದಲೇ 30 ಎಣಿಸಿದವರಿಗೆ ಎರಡು ವಾರ ವ್ಯತ್ಯಾಸ ಆಗುತ್ತೆ, ಅಲ್ವಾ? ಕೊಟ್ಟ ತಾರೀಕು D2ನಲ್ಲಿ, ರಜೆಗಳು K ಕಾಲಂನಲ್ಲಿ ಇದ್ದರೆ ಆ 10ನೇ ಕೆಲಸದ ದಿನಕ್ಕೆ ಸೂತ್ರ ಹೀಗೆ:

```
=WORKDAY(D2,10,$K$2:$K$20)
```

ಇದು ಶನಿವಾರ, ಭಾನುವಾರ ಬಿಟ್ಟು ಎಣಿಸುತ್ತದೆ. ವಾರದ ರಜೆ ಬೇರೆ ದಿನವಾದರೆ `WORKDAY.INTL` ಬಳಸಿ.

9ನೇ ದಿನ ಆಕ್ಷೇಪ ಬಂದರೆ? ತಿದ್ದಿ ಕೊಟ್ಟ ಮೇಲೆ ಮತ್ತೆ 10 ದಿನವೋ, ಕಮ್ಮಿಯೋ ನೋಡಿ; ‘ಮರು ಸಲ್ಲಿಕೆ’ಗೆ ಬೇರೆ ಕಾಲಂ ಇಡಿ. ಸುಮ್ಮನಿದ್ದರೆ ಒಪ್ಪಿದಂತೆ ಎಂಬ ಮಾತು ಎಲ್ಲ ಒಪ್ಪಂದಗಳಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಗ್ರಾಹಕರ ಸಹಿ ಬೀಳುವ ತನಕ ಒಪ್ಪಿಗೆ ತಾರೀಕಿನ ಖಾನೆ ಖಾಲಿಯೇ ಇರಲಿ, ಅಂದಾಜು ತಾರೀಕು ತುಂಬಬೇಡಿ.

ಬರೀ ‘ಗಡುವು’, ‘ಸ್ಥಿತಿ’ ಎಂಬ ಕಾಲಂಗಳಿರುವ ರೆಡಿಮೇಡ್ ಟೆಂಪ್ಲೇಟ್ ನನಗೆ ಬೇಡವೇ ಬೇಡ. ಒಪ್ಪಿಗೆಗೆ ಅದರಲ್ಲಿ ಜಾಗವೇ ಇಲ್ಲ. ಪಿಡಿಎಫ್ ಟೇಬಲನ್ನು ನೇರ ಎಳೆದು ಹಾಕಿದರೂ ಕಷ್ಟ, ಕೆಳಗಿನ ಅಡಿಟಿಪ್ಪಣಿ ಬಿಟ್ಟುಹೋಗುತ್ತದೆ. ಷರತ್ತು ಎಷ್ಟೋ ಸಲ ಅಲ್ಲೇ ಇರುತ್ತದೆ.

4. ‘ಗ್ರಾಹಕರಿಗೆ ತೃಪ್ತಿಯಾಗುವಂತೆ’ ಎಂದಷ್ಟೇ ಇದ್ದರೆ ಕೆಂಪು ಬಣ್ಣ ಹಾಕಿ. ಕೆಲಸ ಶುರುವಾಗುವ ಮೊದಲೇ ಅಳೆಯಬಹುದಾದ ಷರತ್ತು ಕೇಳಿ ಬರವಣಿಗೆಯಲ್ಲಿ ಪಡೆಯಿರಿ.

5. ಶೇಕಡಾವಾರು ಕಾಲಂ ಕೂಡಿಸಿ. 100 ಬರದಿದ್ದರೆ ಯಾವುದೋ ಕಲಮು ಕಣ್ತಪ್ಪಿದೆ. ಹೆಚ್ಚಾಗಿ ಅದು ಕೊನೆಯ ತನಕ ಹಿಡಿದಿಟ್ಟುಕೊಳ್ಳುವ ಮೊತ್ತದ್ದು.