ಲಾರ್ಡ್ ಆಫ್ ದ ರಿಂಗ್ಸ್ ಮುಗಿದ ಮೇಲೆ ಏನು ಓದಿದೆ, ಏನು ಅರ್ಧಕ್ಕೆ ಬಿಟ್ಟೆ

ನಮ್ಮ ಗಂಗಾವತಿ ಹತ್ತಿರ ಹಿರೇಬೆಣಕಲ್ ಗುಡ್ಡ ಇದೆ. ಮೇಲೆ ಹತ್ತಿದರೆ ಕಲ್ಲು ಚಪ್ಪಡಿ ನಿಲ್ಲಿಸಿ ಮಾಡಿದ ಪುಟ್ಟ ಮನೆಗಳ ಸಾಲು ಕಾಣುತ್ತದೆ. ಎರಡು ಸಾವಿರ ವರ್ಷಕ್ಕಿಂತ ಹಳೆಯ ಸಮಾಧಿಗಳು ಅವು. ನಮ್ಮ ಕಡೆ ಅದಕ್ಕೆ ಮೊರೇರ ಗುಡ್ಡ ಅಂತಾರೆ. ಮೊರೇರು ಅಂದ್ರೆ ಗಿಡ್ಡ ಮಂದಿ, ಅವರೇ ಅಲ್ಲಿ ಇದ್ದರು ಅನ್ನೋದು ಊರಿನ ಮಾತು. ಹಾಗಾಗಿ ಟೋಲ್ಕಿನ್ ಬರೆದ ಲಾರ್ಡ್ ಆಫ್ ದ ರಿಂಗ್ಸ್ ಪುಸ್ತಕದಲ್ಲಿ ಕುಳ್ಳರು ಬೆಟ್ಟದೊಳಗೆ ಕೊರೆದು ಬಿಟ್ಟುಹೋದ ಊರಿಗೆ ಮೋರಿಯಾ ಅಂತ ಹೆಸರು ಬಂದಾಗ ನಾನು ಪುಸ್ತಕ ಮಡಚಿ ಒಬ್ಬನೇ ನಕ್ಕಿದ್ದೆ. ಸಂಬಂಧ ಏನೂ ಇಲ್ಲ ಬಿಡಿ, ಆದರೆ ಆ ಪುಸ್ತಕ ನನ್ನನ್ನು ಹಿಡಿದಿದ್ದು ಅಲ್ಲೇ.

ಮುಗಿದ ಮೇಲೆ ಇಂಥದ್ದೇ ಇನ್ನೊಂದು ಬೇಕು ಅಂತ ಶುರುವಾಯಿತು. ಹಿಂದೆ ಮುಂದೆ ನೋಡದೆ ಎಲ್ಫು, ಕುಳ್ಳ, ಮಂತ್ರವಾದಿ, ಮೊದಲ ಪುಟದಲ್ಲೇ ನಕ್ಷೆ ಇರೋ ದಪ್ಪ ಪುಸ್ತಕಗಳನ್ನು ತರಿಸಿದೆ. ಎರಡು ಮೂರು ಓದಿದೆ, ಒಂದೂ ರುಚಿಸಲಿಲ್ಲ. ಸಾಮಾನು ಎಲ್ಲಾ ಅದೇ, ಆದರೆ ಆ ಲೋಕ ನಿನ್ನೆ ಬೆಳಿಗ್ಗೆ ಕಟ್ಟಿದ ಹಾಗಿತ್ತು.

ಆಮೇಲೆ ಒಂದು ಕೆಲಸ ಮಾಡಿದೆ. ಟೋಲ್ಕಿನ್‌ನ ಮೊದಲ ಸಂಪುಟ ಮತ್ತೆ ತೆಗೆದು, ಓದುತ್ತಾ ನಾನು ಎಲ್ಲೆಲ್ಲಿ ನಿಂತು ಯೋಚಿಸುತ್ತೇನೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಯುದ್ಧ, ಮಾಂತ್ರಿಕತೆ ಇರೋ ಕಡೆ ಜಾಸ್ತಿ ಗೀಟು ಬೀಳಬಹುದು ಅಂದುಕೊಂಡಿದ್ದೆ. ಬಿದ್ದಿದ್ದು ಬೇರೆ ಕಡೆ. ವೆದರ್‌ಟಾಪ್ ಗುಡ್ಡದ ದಾರಿ ನೋಡಿ. ಅರಗಾರ್ನ್ ಅಲ್ಲಿದ್ದ ಹಳೇ ಕಾವಲುಗೋಪುರದ ಬಗ್ಗೆ ಹೇಳುತ್ತಾ, ಎಲೆಂಡಿಲ್ ಅನ್ನೋ ಹಳೇ ಕಾಲದ ರಾಜ ಅಲ್ಲಿ ನಿಂತು ಎಲ್ಫ್ ರಾಜ ಗಿಲ್-ಗಲಾಡ್‌ಗಾಗಿ ಕಾದಿದ್ದ ಅಂತಾನೆ. ಆಗ ತೋಟದ ಕೆಲಸದ ಸ್ಯಾಮ್, ಇದ್ದಕ್ಕಿದ್ದಂತೆ, ಗಿಲ್-ಗಲಾಡ್ ಮೇಲಿನ ಹಳೇ ಹಾಡಿನ ಒಂದಿಷ್ಟು ಸಾಲು ಹಾಡಿ, ನನಗೆ ಗೊತ್ತಿರೋದು ಇಷ್ಟೇ ಅಂತ ನಿಲ್ಲಿಸುತ್ತಾನೆ. ಪೂರ್ತಿ ಕಥೆ ನಮಗೂ ಸಿಗುವುದಿಲ್ಲ. ನನಗೆ ಬೇಕಾಗಿದ್ದು ಇದು. ಈಗಿನ ಕಥೆಯ ಕೆಳಗೆ ಇನ್ನೊಂದು ಹಳೇ ಕಥೆ ಇರಬೇಕು, ಪಾತ್ರಗಳಿಗೆ ಅದು ಅರ್ಧಂಬರ್ಧ ಗೊತ್ತಿರಬೇಕು, ಮತ್ತು ಅದರ ಗುರುತು ಕಲ್ಲಲ್ಲೋ ಹೆಸರಲ್ಲೋ ಹಾಡಲ್ಲೋ ಉಳಿದಿರಬೇಕು.

ನಿಮ್ಮ ಗೀಟು ಬೇರೆ ಕಡೆ ಬೀಳಬಹುದು. ಮಂತ್ರದ ಕಟ್ಟುನಿಟ್ಟಾದ ನಿಯಮ, ವಿಚಿತ್ರ ಪ್ರಾಣಿ, ಹವಾಮಾನ ಇಷ್ಟ ಅಂದ್ರೆ ಸ್ಯಾಂಡರ್ಸನ್‌ನ ದ ವೇ ಆಫ್ ಕಿಂಗ್ಸ್ (2010) ಹಿಡಿಯಿರಿ. ಅಲ್ಲಿ ದೊಡ್ಡ ಬಿರುಗಾಳಿಗೆ ಹೆದರಿ ಹುಲ್ಲು ಕೂಡ ನೆಲದೊಳಗೆ ಎಳೆದುಕೊಳ್ಳುತ್ತದೆ. ನನ್ನ ಅಕ್ಕನ ಮಗ ಅದರಲ್ಲೇ ಮುಳುಗಿದ್ದಾನೆ. ನನಗೆ ಇಷ್ಟವಾದ ಪುಸ್ತಕ ಕೊಟ್ಟಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಮಾಮ, ಇದ್ರಾಗ ಯುದ್ಧ ಯಾವಾಗ ಬರ್ತೈತಿ?"

ನನ್ನ ಅಳತೆಗೆ ಮೊದಲು ಸರಿಹೊಂದಿದ್ದು ಉರ್ಸುಲಾ ಲೆ ಗ್ವಿನ್‌ರ ಅರ್ತ್‌ಸೀ. ಮೊದಲ ಪುಸ್ತಕ ಎ ವಿಜರ್ಡ್ ಆಫ್ ಅರ್ತ್‌ಸೀ, 1968ರದ್ದು. ತೆಳ್ಳಗಿದೆ, ಎರಡು ಮೂರು ದಿನದ ಓದು. ಇಷ್ಟು ಸಣ್ಣದರಲ್ಲಿ ಏನು ಲೋಕ ಇರುತ್ತೆ ಅಂತ ನಾನೂ ಅನುಮಾನಪಟ್ಟಿದ್ದೆ. ಗೆಡ್ ಅನ್ನೋ ಹುಡುಗ ಮಂತ್ರವಾದಿ ದೋಣಿ ಒಡೆದು ಒಂದು ಮರಳುದಿಬ್ಬಕ್ಕೆ ಬಂದು ಬೀಳುತ್ತಾನೆ. ಅಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ, ಅಣ್ಣ ತಂಗಿ. ಚಿಕ್ಕಂದಿನಲ್ಲೇ ಯಾರೋ ಬಿಟ್ಟುಹೋದವರು, ಬೇರೆ ಮನುಷ್ಯರನ್ನು ಕಂಡೇ ಇಲ್ಲ ಅನ್ನುವ ಹಾಗೆ ಇದ್ದಾರೆ. ಮುದುಕಿ ಅವನಿಗೆ ಒಂದು ಮುರಿದ ಬಳೆಯ ಚೂರು ಕೊಡುತ್ತಾಳೆ. ಅವನು ಇಟ್ಟುಕೊಂಡು ಹೊರಡುತ್ತಾನೆ. ಆ ಪುಸ್ತಕದ ಕಥೆಗೆ ಅದರಿಂದ ಏನೂ ಆಗುವುದಿಲ್ಲ. ಎರಡನೇ ಪುಸ್ತಕ ದ ಟೂಂಬ್ಸ್ ಆಫ್ ಅಟುವಾನ್‌ನಲ್ಲಿ ಗೊತ್ತಾಗುತ್ತದೆ, ಅದು ಎರೆತ್-ಅಕ್ಬೆ ಅನ್ನೋ ಹಳೇ ವೀರನ ಉಂಗುರದ ಅರ್ಧ, ಇನ್ನರ್ಧ ಒಂದು ಕತ್ತಲೆಯ ಸಮಾಧಿಯೊಳಗೆ ಇದೆ ಅಂತ. ಉಂಗುರ ಅಂದರೂ ತೋಳಿಗೆ ಹಾಕುವಷ್ಟು ದೊಡ್ಡದು. ಗುಟ್ಟು ಬಿಟ್ಟುಕೊಟ್ಟೆ, ಕ್ಷಮಿಸಿ. ಆದರೆ ಗೊತ್ತಿದ್ದು ಓದಿದರೂ ಆ ಮುದುಕಿಯ ಕೈ ನೆನಪಾದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಒಂದು ಎಚ್ಚರಿಕೆ, ಇದರಲ್ಲಿ ದೊಡ್ಡ ಸೈನ್ಯ, ಮುತ್ತಿಗೆ ಏನೂ ಇಲ್ಲ. ಅದು ಬೇಕಾದವರಿಗೆ ಸಪ್ಪೆ ಅನ್ನಿಸುತ್ತದೆ.

ಎರಡನೆಯದು ಗೈ ಗೇವ್ರಿಯಲ್ ಕೇ ಬರೆದ ಟಿಗಾನಾ (1990). ಟೋಲ್ಕಿನ್ ತೀರಿಕೊಂಡ ಮೇಲೆ ಅವರ ಮಗ ದ ಸಿಲ್ಮರಿಲಿಯನ್ ಸಿದ್ಧ ಮಾಡುವಾಗ ಸಹಾಯಕ್ಕೆ ಕೂತ ಹುಡುಗ ಈ ಕೇ. ಟಿಗಾನಾ ಒಂದೇ ಪುಸ್ತಕ, ಮುಂದಿನ ಭಾಗದ ಕಾಟ ಇಲ್ಲ. ಒಬ್ಬ ಮಾಂತ್ರಿಕ ರಾಜ ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಸಿಟ್ಟಿಗೆ ಟಿಗಾನಾ ಅನ್ನೋ ಆ ಸೀಮೆಯ ಹೆಸರನ್ನೇ ಅಳಿಸುತ್ತಾನೆ. ಅಲ್ಲಿ ಹುಟ್ಟಿದವರು ಹೆಸರು ಹೇಳಬಹುದು, ಆದರೆ ಉಳಿದವರ ಕಿವಿಗೆ ಅದು ನಿಲ್ಲುವುದಿಲ್ಲ. ಅವರು ಸತ್ತರೆ ಹೆಸರೂ ಸತ್ತಂತೆ. ಬಳ್ಳಾರಿ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರಲ್ಲಿ ಬದಲಾದಾಗ ನಮ್ಮಲ್ಲಿ ಎಷ್ಟು ಮಾತು ನಡೆಯಿತು, ಅದು ಬರೀ ಅಕ್ಷರ. ಇಲ್ಲಿ ಉಚ್ಚಾರವೇ ಹೋಗಿದೆ. ಇಡೀ ಲೋಕದ ರಾಜಕೀಯ ಈ ಒಂದು ಮಂತ್ರದಿಂದ ಹುಟ್ಟುತ್ತದೆ.

ಸಿಲ್ಮರಿಲಿಯನ್ ಯಾಕೆ ಮೊದಲು ಹೇಳಲಿಲ್ಲ ಅಂತೀರಾ? ಎಲ್ಲರೂ ಅದನ್ನೇ ಮೊದಲು ಹೇಳುತ್ತಾರೆ, ತುಂಬಾ ಜನ ಅದರಲ್ಲೇ ಸೋಲುತ್ತಾರೆ. ಅದು ಕಾದಂಬರಿ ಅಲ್ಲ, ಪುರಾಣ. ಲಾರ್ಡ್ ಆಫ್ ದ ರಿಂಗ್ಸ್ ಮೂರನೇ ಸಂಪುಟದ ಕೊನೆಯಲ್ಲಿರೋ ಅನುಬಂಧಗಳನ್ನು ಖುಷಿಯಿಂದ ಓದಿದ್ದರೆ ಮಾತ್ರ ತೊಗೊಳ್ಳಿ, ಸುಮ್ನೆ ದುಡ್ಡು ಹಾಕಬೇಡಿ.

ಇನ್ನು ನಾನು ಸೋತ ಕಥೆ. ಸ್ಟೀವನ್ ಎರಿಕ್‌ಸನ್‌ರ ಮಲಜಾನ್ ಸರಣಿ, ಹತ್ತು ಪುಸ್ತಕ, ಮೊದಲನೆಯದು ಗಾರ್ಡನ್ಸ್ ಆಫ್ ದ ಮೂನ್ (1999). ಎರಿಕ್‌ಸನ್ ಓದಿದ್ದು ಪುರಾತತ್ವ ಮತ್ತು ಮಾನವಶಾಸ್ತ್ರ, ಹಾಗಾಗಿ ನನಗೆ ಹೇಳಿ ಮಾಡಿಸಿದ್ದು ಅಂದುಕೊಂಡೆ. ಫೋನಿನಲ್ಲಿ ಪುಕ್ಕಟೆ ಸಿಗುವ ಸ್ಯಾಂಪಲ್ ಇಳಿಸಿದರೆ ಅದರಲ್ಲಿ ನಕ್ಷೆ, ಪಾತ್ರಗಳ ಉದ್ದ ಪಟ್ಟಿಯೇ ಜಾಗ ತಿಂದಿತ್ತು. ಆದರೂ ಪುಸ್ತಕ ತರಿಸಿದೆ. ನೂರೈವತ್ತು ಪುಟ ಹೋಗೋಷ್ಟರಲ್ಲಿ ಯಾರು ಯಾರ ಕಡೆ ಅಂತಾನೇ ತಿಳಿಯಲಿಲ್ಲ. ಯುದ್ಧದ ನಡುವೆ ನಮ್ಮನ್ನು ಇಳಿಸಿ ಲೇಖಕರು ಹೊರಟೇಹೋಗುತ್ತಾರೆ. ಬಿಟ್ಟೆ.

ಒಂದು ವರ್ಷ ಆದ ಮೇಲೆ ಮತ್ತೆ ಹಿಡಿದೆ, ಈ ಸಲ ಬೇರೆ ರೀತಿ. ಒಂದು ನೋಟ್‌ಬುಕ್ ಇಟ್ಟೆ. ಹೊಸ ಹೆಸರು ಬಂದಾಗ ಅದು ಏನು ಅಂತ ಹುಡುಕಲಿಲ್ಲ, ಹುಡುಕಿದರೆ ಹತ್ತನೇ ಪುಸ್ತಕದ ಗುಟ್ಟೂ ಕಣ್ಣಿಗೆ ಬೀಳುತ್ತದೆ. ಬದಲಿಗೆ ಹೆಸರು, ಪುಟ, ಎದುರಿಗೆ ಒಂದು ಪ್ರಶ್ನೆ. "ಟಿ'ಲಾನ್ ಇಮಾಸ್ ಯಾರು? ಸತ್ತವರಾ?" ಹೀಗೆ. ಉತ್ತರ ಸಿಕ್ಕಾಗ ಟಿಕ್. ಮೊದಲ ಪುಸ್ತಕ ಮುಗಿದಾಗ ಪ್ರಶ್ನೆ ಅರ್ಧಕ್ಕಿಂತ ಜಾಸ್ತಿ ಹಾಗೇ ಇದ್ದವು. ಎರಡನೆಯದು ಡೆಡ್‌ಹೌಸ್ ಗೇಟ್ಸ್, ಅದು ಬೇರೆ ಖಂಡಕ್ಕೆ ಹೋಗುತ್ತದೆ, ಹೊಸ ಪಾತ್ರಗಳು, ಮತ್ತೆ ಬೈದುಕೊಂಡೆ. ಆದರೆ ಬರವಣಿಗೆ ಅಲ್ಲಿಂದ ಎಷ್ಟೋ ಹದವಾಗಿದೆ. ಮೂರನೆಯದರಲ್ಲಿ ಒಂದೊಂದಾಗಿ ಟಿಕ್ ಬೀಳತೊಡಗಿತು. ಇಮಾಸ್ ಅಂದ್ರೆ ಕಲ್ಲಿನ ಆಯುಧ ಹಿಡಿದ ಆದಿ ಜನ, ಒಂದು ಹಗೆ ತೀರಿಸೋಕೆ ಸಾವನ್ನೇ ಬಿಟ್ಟುಕೊಟ್ಟು ಲಕ್ಷಾಂತರ ವರ್ಷ ಹಾಗೇ ನಡೆಯುತ್ತಿರುವವರು.

ಅದನ್ನು ಓದಿದ ವಾರ ಅಕ್ಕನ ಮಗನನ್ನು ಕರೆದುಕೊಂಡು ಮೊರೇರ ಗುಡ್ಡ ಹತ್ತಿದೆ. ಮೇಲೆ ನಗಾರಿ ತರ ಒಂದು ಬಂಡೆ ಇದೆ, ಬಡಿದರೆ ದೂರಕ್ಕೆ ಕೇಳುತ್ತದೆ. ಅವನು ನಾಲ್ಕು ಸಲ ಬಡಿದು, ಇದನ್ನ ಯಾರು ಯಾಕೆ ಬಡೀತಿದ್ರು ಅಂತ ಕೇಳಿದ. ನೋಟ್‌ಬುಕ್ ಬ್ಯಾಗಿನಲ್ಲೇ ಇತ್ತು. ಬರೆದುಕೋ ಅಂದೆ. ಅವನು ಬರೆದ, ಇಮಾಸ್ ಕೆಳಗಿನ ಸಾಲಿನಲ್ಲಿ. ಅದಕ್ಕೆ ಇನ್ನೂ ಟಿಕ್ ಬಿದ್ದಿಲ್ಲ.