ಕಾರು ತಗೊಳ್ಳೋ ಮೊದಲೇ ನಿಜವಾದ ಮೈಲೇಜ್ ಲೆಕ್ಕ ಹಾಕಿದ್ದು ಹೀಗೆ

ಶೋರೂಮ್‌ನಲ್ಲಿ ಹೇಳುವ ಎಆರ್‌ಎಐ ಮೈಲೇಜ್, ಅಂದರೆ ವಾಹನ ಪರೀಕ್ಷಾ ಸಂಸ್ಥೆಯ ಲೆಕ್ಕ, ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯದ್ದೂ ಅಲ್ಲ. ಲ್ಯಾಬ್‌ನಲ್ಲಿ ರೋಲರ್ ಮೇಲೆ, ಎಸಿ ಆಫ್ ಮಾಡಿ, 90 ಕಿ.ಮೀ. ವೇಗ ದಾಟದಂತೆ ಓಡಿಸಿ ಅಳೆದದ್ದು ಅದು. ಹಾಗಂತ ಅದನ್ನು ಬಿಸಾಕಬೇಕಿಲ್ಲ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆ ಇರುವುದರಿಂದ ಹೋಲಿಕೆಗೆ ತುಂಬಾ ಉಪಯೋಗ ಆಗುತ್ತದೆ.

ಹೊಸ ಕಾರು ನೋಡುವ ಮೊದಲು ನಾನು ಹಳೇ ಹ್ಯಾಚ್‌ಬ್ಯಾಕನ್ನೇ ಅಳೆದೆ. ಅದಕ್ಕೆ ಕಂಪನಿ ಹೇಳಿದ್ದ ಎಆರ್‌ಎಐ ಲೆಕ್ಕ ಲೀಟರ್‌ಗೆ 21 ಕಿ.ಮೀ. ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಬೆಂಗಳೂರಿನೊಳಗೇ ಓಡಿಸಿ, ಮತ್ತೆ ಅದೇ ಬಂಕ್‌ನ ಅದೇ ಪಂಪ್‌ನಲ್ಲಿ ತುಂಬಿಸಿದೆ. 403 ಕಿ.ಮೀ.ಗೆ 31 ಲೀಟರ್, ಅಂದರೆ 13. ಇಲ್ಲಿ ಒಂದು ವಿಷಯ ಗಮನಿಸಿ: ನಾಜಲ್ ಟಕ್ ಅಂತ ನಿಂತ ಮೇಲೂ ರೌಂಡ್ ಫಿಗರ್ ಮಾಡೋಕೆ ಹುಡುಗರು ಇನ್ನೊಂದಿಷ್ಟು ಹಾಕುತ್ತಾರೆ. ಬೇಡ ಅಂತ ಮೊದಲೇ ಹೇಳಿಬಿಡಿ, ಒಂದು ಲೀಟರ್ ಜಾಸ್ತಿ ಹೋದರೂ 13 ಇದ್ದದ್ದು 12.6 ಆಗುತ್ತದೆ. ಡ್ಯಾಶ್‌ಬೋರ್ಡ್ ಡಿಸ್‌ಪ್ಲೇ ನಂಬಿ ಕೂರಬೇಡಿ, ಅದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಈಗ 13ನ್ನು 21ರಿಂದ ಭಾಗಿಸಿ: 0.62. ನನ್ನ ಕಾಲು, ನನ್ನ ಟ್ರಾಫಿಕ್, ನನ್ನ ಎಸಿ ಎಲ್ಲ ಸೇರಿದ ಅಂಶ ಇದು. ಹೈವೇಯಲ್ಲೂ ಹೀಗೇ ಅಳೆದಾಗ 17.9 ಬಂತು, ಅಂದರೆ 0.85. ನೋಡಿಟ್ಟಿದ್ದ ಪೆಟ್ರೋಲ್ ಎಸ್‌ಯುವಿಗೆ ಕಂಪನಿ ಹೇಳಿದ್ದು 18.4. ಅದಕ್ಕೆ ಇವನ್ನೇ ಗುಣಿಸಿದರೆ ಊರೊಳಗೆ 11.4, ಹೈವೇಯಲ್ಲಿ 15.6.

ಇವೆರಡನ್ನೂ ಕೂಡಿಸಿ ಅರ್ಧ ಮಾಡಿದರೆ 13.5 ಬರುತ್ತದೆ, ಆದರೆ ಅದು ತಪ್ಪು ಲೆಕ್ಕ. ಲೀಟರ್‌ಗಳನ್ನು ಕೂಡಿಸಬೇಕು. ತಿಂಗಳಿಗೆ ಊರೊಳಗೆ 700 ಕಿ.ಮೀ. ಅಂದರೆ 61.4 ಲೀಟರ್, ಹೈವೇ 300 ಕಿ.ಮೀ.ಗೆ 19.2 ಲೀಟರ್, ಒಟ್ಟು 80.6. ಅಂದರೆ 12.4 ಮೈಲೇಜ್. ಕಂಪನಿ ಲೆಕ್ಕದಲ್ಲಿ ಇದೇ ಓಡಾಟಕ್ಕೆ 54 ಲೀಟರ್ ಸಾಕಿತ್ತು. ಲೀಟರ್‌ಗೆ 100 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 2,600ಕ್ಕಿಂತ ಜಾಸ್ತಿ ವ್ಯತ್ಯಾಸ, ಇಎಂಐ ಜೊತೆ ಇದನ್ನೂ ಸೇರಿಸಿಯೇ ನಾನು ಬಜೆಟ್ ಹಾಕಿದ್ದು.

ಒಂದು ಮಿತಿ ಇದೆ. ಪೆಟ್ರೋಲ್ ಮ್ಯಾನುಯಲ್‌ನಿಂದ ಪೆಟ್ರೋಲ್ ಮ್ಯಾನುಯಲ್‌ಗೆ ಮಾತ್ರ ಈ ಅಂಶ ನೆಟ್ಟಗೆ ಹೊಂದುತ್ತದೆ. ಸ್ಟ್ರಾಂಗ್ ಹೈಬ್ರಿಡ್‌ಗೆ ಹಚ್ಚಲೇಬೇಡಿ, ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗಿ ಬ್ಯಾಟರಿಯಲ್ಲೇ ತೆವಳುವುದರಿಂದ ಅದು ಊರೊಳಗೆ ಅಷ್ಟು ಇಳಿಯುವುದಿಲ್ಲ. ಅಂಥ ಕಾರಿಗೆ, ಅಥವಾ ಹೋಲಿಸೋಕೆ ಹಳೇ ಕಾರೇ ಇಲ್ಲದಿದ್ದರೆ, ಅದೇ ಮಾಡೆಲ್ ಇರುವವರನ್ನು ಕೇಳಿ. ಆದರೆ ಮೈಲೇಜ್ ಎಷ್ಟು ಅಂತಷ್ಟೇ ಕೇಳಿದರೆ ಏನೂ ಗೊತ್ತಾಗಲ್ಲ, ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ಎಷ್ಟಿದೆ ಅಂತಲೂ ಕೇಳಿ. ಅವರದ್ದು ಗಂಟೆಗೆ 35, ನಿಮ್ಮದು 17 ಇದ್ದರೆ ಅವರ ಮೈಲೇಜ್ ನಿಮಗೆ ಬರುವುದಿಲ್ಲ.