ಇನಿಷಿಯಲ್ಸ್ ಹೆಸರು ಯಾಕೆ ನೆನಪಲ್ಲಿ ನಿಲ್ಲುವುದಿಲ್ಲ: ನನ್ನ ಅನುಭವ

ಕಂಪನಿಗಳಿಗೆ ಹೆಸರು ಹುಡುಕಿಕೊಡುವುದು ನನ್ನ ಕೆಲಸ. ಪಾಲುದಾರರು ಮೂವರಿದ್ದರೆ ಮೂವರ ಹೆಸರಿನ ಮೊದಲ ಅಕ್ಷರ ಜೋಡಿಸಿದ ಹೆಸರೊಂದು ಚರ್ಚೆಗೆ ಬಂದೇ ಬರುತ್ತದೆ. ನೀರಿನ ಗುಣಮಟ್ಟ ಅಳೆಯುವ ಉಪಕರಣ ಮಾರಲು ಹೊರಟಿದ್ದ ಮೂವರು ಹೀಗೇ ‘ಪಿಡಿವಿ’ ಎಂದು ತೀರ್ಮಾನಿಸಿಕೊಂಡು ಬಂದಿದ್ದರು. ವಾದ ಬೇಡ, ಪರೀಕ್ಷೆ ಮಾಡಿ ನೋಡೋಣ ಎಂದೆ.

ವಿಷಯ ಗೊತ್ತಿಲ್ಲದವರ ಎರಡು ಗುಂಪು ಮಾಡಿದೆವು. ಕಂಪನಿಯನ್ನು ಪರಿಚಯಿಸುವ ಒಂದೇ ವಾಕ್ಯವನ್ನು ಒಂದು ಗುಂಪಿಗೆ ‘ಪಿಡಿವಿ’ ಎಂಬ ಹೆಸರಿನಲ್ಲಿ, ಇನ್ನೊಂದಕ್ಕೆ ‘ತಿಳಿನೀರು’ ಎಂಬ ಹೆಸರಿನಲ್ಲಿ ಓದಿ ಹೇಳಿದೆವು. ಆಮೇಲೆ ಸ್ವಲ್ಪ ಹೊತ್ತು ಬೇರೆ ಕೆಲಸ ಕೊಟ್ಟು, ಹೆಸರು ಬರೆಯಿರಿ ಎಂದು ಖಾಲಿ ಹಾಳೆ ಕೊಟ್ಟೆವು. ಹಾಳೆ ಖಾಲಿಯೇ ಇರಬೇಕು. ನಾಲ್ಕು ಹೆಸರು ತೋರಿಸಿ ‘ಯಾವುದು?’ ಎಂದರೆ ಹೆಚ್ಚಿನವರು ಗುರುತಿಸಿಬಿಡುತ್ತಾರೆ. ಆದರೆ ಗೆಳೆಯನಿಗೆ ಹೇಳಲು ಹೊರಟ ಗಿರಾಕಿಯ ಕೈಯಲ್ಲಿ ಅಂಥ ಪಟ್ಟಿ ಇರುವುದಿಲ್ಲ.

ನಾನು ಮೊದಲು ನೋಡುವುದು ತಪ್ಪು ಉತ್ತರಗಳನ್ನು. ಮೊದಲ ಗುಂಪಿನ ಹಾಳೆಗಳಲ್ಲಿ ಪಿವಿಡಿ, ಬಿಡಿಪಿ, ಟಿಡಿವಿ ಎಲ್ಲವೂ ಇದ್ದವು. ಅಕ್ಷರಗಳ ಕ್ರಮ ತಪ್ಪಿತ್ತು. ಕಿವಿಗೆ ಒಂದೇ ಥರ ಕೇಳುವ ಪಿ, ಬಿ, ಡಿ, ಟಿ ಅದಲುಬದಲಾಗಿದ್ದವು. ಎರಡನೇ ಗುಂಪಿನಲ್ಲೂ ಮರೆತವರಿದ್ದರು, ಆದರೆ ಅವರು ‘ತಿಳಿ ಏನೋ’, ‘ಶುದ್ಧನೀರು’ ಎಂದು ಬರೆದಿದ್ದರು. ಅರ್ಥವಿರುವ ಪದ ಅರ್ಧ ಮರೆತರೂ ಹುಡುಕಲು ಒಂದು ಎಳೆ ಉಳಿಯುತ್ತದೆ. ಇನಿಷಿಯಲ್ಸ್‌ನಲ್ಲಿ ಒಂದಕ್ಷರ ತಪ್ಪಿದರೂ ಅದು ಬೇರೆ ಯಾರದೋ ಕಂಪನಿಯಾಗಬಹುದು.

ಇದರ ಕಾರಣ ಮನೋವಿಜ್ಞಾನದಲ್ಲಿ ಹಳೆಯದು. ಲಾಯ್ಡ್ ಮತ್ತು ಮಾರ್ಗರೆಟ್ ಪೀಟರ್ಸನ್ 1959ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಮೂರು ವ್ಯಂಜನಗಳನ್ನು ಹೇಳಿ, ಮನಸ್ಸಿನಲ್ಲೇ ಅವನ್ನು ಮೆಲುಕು ಹಾಕದಂತೆ ಹಿಮ್ಮುಖವಾಗಿ ಎಣಿಸಲು ಹಚ್ಚಿದ್ದರು. 18 ಸೆಕೆಂಡ್ ಕಳೆಯುವಷ್ಟರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಸಲ ಮರೆತುಹೋಗುತ್ತಿತ್ತು.

‘ಹಾಗಾದರೆ ಐಬಿಎಂ?’ ಎಂದು ಆ ಮೂವರೂ ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಕಂಪನಿ 1924ರಲ್ಲಿ ಇಟ್ಟುಕೊಂಡದ್ದು ಇಂಟರ್‌ನ್ಯಾಷನಲ್ ಬಿಸಿನೆಸ್ ಮಷೀನ್ಸ್ ಎಂಬ ಪೂರ್ತಿ ಹೆಸರು. ಕೆಂಟಕಿ ಫ್ರೈಡ್ ಚಿಕನ್ ಕೂಡ 1991ರಲ್ಲಿ ಕೆಎಫ್‌ಸಿ ಆಗುವ ಹೊತ್ತಿಗೆ ಮನೆಮಾತಾಗಿತ್ತು. ಅಲ್ಲಿ ಅಕ್ಷರಗಳು ಮೊದಲೇ ಇದ್ದ ನೆನಪಿಗೆ ಅಡ್ಡದಾರಿಯಾದವು. ಬಿಎಂಡಬ್ಲ್ಯುವಿನ ಪೂರ್ತಿ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ, ನಿಜ. ಅದನ್ನು ನೆನಪಲ್ಲಿ ನಿಲ್ಲಿಸಿದ್ದು ದಶಕಗಳ ಜಾಹೀರಾತು ಮತ್ತು ರಸ್ತೆಯಲ್ಲಿ ಕಣ್ಣಿಗೆ ಬೀಳುವ ಕಾರುಗಳು. ಹೊಸಬರ ಹತ್ತಿರ ಅಷ್ಟು ಕಾಲವೂ ಇಲ್ಲ, ದುಡ್ಡೂ ಇಲ್ಲ.

ಹೊಸಬರಿಗೂ ದಕ್ಕುವ ವಿನಾಯಿತಿ ಒಂದೇ: ಬಿಡಿಬಿಡಿ ಅಕ್ಷರಗಳಾಗದೆ ಒಂದೇ ಪದವಾಗಿ ಬಾಯಲ್ಲಿ ಹೊರಳುವ ಹೆಸರು. ಐಕಿಯಾ ಎಂಬುದು ಸ್ಥಾಪಕ ಇಂಗ್ವಾರ್ ಕಾಂಪ್ರಾಡ್, ಅವರು ಬೆಳೆದ ತೋಟ, ಪಕ್ಕದ ಹಳ್ಳಿ, ಇವುಗಳ ಮೊದಲಕ್ಷರಗಳು. ಫಿಯಟ್ ಕೂಡ ಇನಿಷಿಯಲ್ಸೇ. ಅವನ್ನು ಯಾರೂ ಅಕ್ಷರ ಬಿಡಿಸಿ ಹೇಳುವುದಿಲ್ಲ. ಪಿ, ಡಿ, ವಿ ಮೂರನ್ನೂ ತಿರುಗಿಸಿ ಮುರುಗಿಸಿ ನೋಡಿದೆವು. ನಡುವೆ ಒಂದು ಸ್ವರವೂ ಇಲ್ಲದ್ದರಿಂದ ಪದ ಹುಟ್ಟಲಿಲ್ಲ. ಕೊನೆಗೆ ನೋಂದಣಿ ಪತ್ರದಲ್ಲಿ ಪಿಡಿವಿ ಇರಲಿ, ಉಪಕರಣದ ಮೇಲೆ ತಿಳಿನೀರು ಬರಲಿ ಎಂದು ಮೂವರೂ ಒಪ್ಪಿದರು.